ಬೈಸಿಕಲ್ಲಿನ ಹಬ್ ಮೋಟಾರು: ತಂತಿ ಜೋಡಣೆ ಮತ್ತು ಫ್ಯೂಸಿನ ಆಯ್ಕೆ

ಚೆನ್ನೈ ನಗರದ ಅಣ್ಣಾ ಸಾಲೈಗೆ ಹೊಂದಿಕೊಂಡಿರುವ ರಿಚಿ ಸ್ಟ್ರೀಟ್ ವಿದ್ಯುನ್ಮಾನ ಬಿಡಿಭಾಗಗಳ ಮಾರಾಟಕ್ಕೆ ಹೆಸರಾದ ಬೀದಿ. ಇಂತಹ ಪೇಟೆಯಿಂದ ಬಿಡಿಭಾಗಗಳನ್ನು ತಂದು ಸಾಧಾರಣ ಬೈಸಿಕಲ್ಲನ್ನು ವಿದ್ಯುತ್ ಚಾಲಿತವಾಗಿ ಮಾರ್ಪಡಿಸಲು ಬಯಸುವವರು ಮೋಟಾರು ಮತ್ತು ಬ್ಯಾಟರಿಯನ್ನು ಆರಿಸಲು ಬಹಳ ಶ್ರಮಪಡುತ್ತಾರೆ. ಆದರೆ ಇವೆರಡರ ನಡುವೆ ಬರುವ ಫ್ಯೂಸ್ ಮತ್ತು ಕನೆಕ್ಟರುಗಳನ್ನು ಅಂಗಡಿಯಲ್ಲಿ ಕೈಗೆ ಸಿಕ್ಕಂತೆ ಕೊಳ್ಳುವುದುಂಟು. ಬೆಂಕಿಯ ಅಪಾಯ ಅಡಗಿರುವುದು ಬಹುಮಟ್ಟಿಗೆ ಇಲ್ಲಿಯೇ. ಆದ್ದರಿಂದ ಒಂದು ಉದಾಹರಣೆಯ ಮೂಲಕ ಈ ಜೋಡಣೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಉದಾಹರಣೆಯ ವಿವರ

ಹಿಂದಿನ ಚಕ್ರದ ಹಬ್ಬಿನಲ್ಲಿಯೇ ಅಡಕವಾಗಿರುವ 250 ವ್ಯಾಟ್ ವರ್ಗದ ಮೋಟಾರು, 36 ವೋಲ್ಟಿನ ಲಿಥಿಯಂ ಬ್ಯಾಟರಿ ಮತ್ತು ಗರಿಷ್ಠ 15 ಆಂಪಿಯರ್ ಪ್ರವಾಹವನ್ನು ಸೆಳೆಯುವ ಕಂಟ್ರೋಲರ್ ನಮ್ಮಲ್ಲಿವೆ ಎಂದಿಟ್ಟುಕೊಳ್ಳೋಣ. ಬ್ಯಾಟರಿಯಲ್ಲಿ ಹತ್ತು ಕೋಶಗಳ ಗುಂಪುಗಳು ಒಂದರ ಹಿಂದೊಂದು ಜೋಡಣೆಗೊಂಡಿರುತ್ತವೆ. ಪ್ರತಿ ಕೋಶವೂ ಪೂರ್ಣವಾಗಿ ತುಂಬಿದಾಗ 4.2 ವೋಲ್ಟ್ ತೋರಿಸುವುದರಿಂದ, ಹೆಸರಿಗೆ 36 ವೋಲ್ಟ್ ಎನಿಸಿದ ಬ್ಯಾಟರಿಯ ನಿಜವಾದ ಗರಿಷ್ಠ ಒತ್ತಡ 42 ವೋಲ್ಟ್ ಆಗುತ್ತದೆ. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಫ್ಯೂಸ್ ಎಷ್ಟು ಆಂಪಿಯರಿನದಿರಬೇಕು?

ಫ್ಯೂಸ್ ರಕ್ಷಿಸುವುದು ಮೋಟಾರನ್ನು ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಅದು ರಕ್ಷಿಸುವುದು ತಂತಿಯನ್ನು. ತಂತಿಯ ಹೊದಿಕೆ ಸವೆದು ಎರಡು ತಂತಿಗಳು ಪರಸ್ಪರ ತಾಗಿದಲ್ಲಿ, ಇಷ್ಟು ಚಿಕ್ಕ ಬ್ಯಾಟರಿಯೂ ಕ್ಷಣಾರ್ಧದಲ್ಲಿ ನೂರಾರು ಆಂಪಿಯರ್ ಪ್ರವಾಹವನ್ನು ಹರಿಸಬಲ್ಲುದು. ತಂತಿ ಕೆಂಪಗೆ ಕಾಯುವ ಮೊದಲೇ ಫ್ಯೂಸ್ ಕರಗಿ ಮಂಡಲವನ್ನು ಕಡಿಯಬೇಕು.

ಫ್ಯೂಸಿನ ಮೇಲೆ ಸದಾಕಾಲ ಅದರ ಮಿತಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಪ್ರವಾಹ ಹರಿಯದಂತೆ ನೋಡಿಕೊಳ್ಳುವುದು ರೂಢಿ. ಕಂಟ್ರೋಲರಿನ 15 ಆಂಪಿಯರನ್ನು 0.75ರಿಂದ ಭಾಗಿಸಿದರೆ 20 ಬರುತ್ತದೆ. ಆದ್ದರಿಂದ ಇಲ್ಲಿ 20 ಆಂಪಿಯರಿನ ಫ್ಯೂಸ್ ತಕ್ಕುದು. ತಂತಿಯು ಫ್ಯೂಸಿಗಿಂತ ಸಮರ್ಥವಾಗಿರಬೇಕಾದ ಕಾರಣ, 2.5 ಚದರ ಮಿಲಿಮೀಟರಿನ ಬಹು ಎಳೆಗಳ ತಾಮ್ರದ ತಂತಿಯನ್ನು ಬಳಸತಕ್ಕದ್ದು. ಫ್ಯೂಸ್ ಪದೇ ಪದೇ ಕರಗುತ್ತಿದ್ದಲ್ಲಿ ದೋಷವನ್ನು ಹುಡುಕಬೇಕೇ ಹೊರತು 30 ಆಂಪಿಯರಿನದನ್ನಾಗಲಿ, ತಾಮ್ರದ ಎಳೆಯನ್ನಾಗಲಿ ಹಾಕಕೂಡದು.

ವೋಲ್ಟಿನ ಮಿತಿಯನ್ನು ಮರೆಯಬಾರದು

ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ ಚಪ್ಪಟೆ ಫ್ಯೂಸುಗಳು ಮೂಲತಃ ಮೋಟಾರು ಕಾರಿನ 12 ವೋಲ್ಟ್ ವ್ಯವಸ್ಥೆಗಾಗಿ ತಯಾರಾದವು. ಅವುಗಳ ವೋಲ್ಟ್ ಮಿತಿ ಸಾಮಾನ್ಯವಾಗಿ 32. ನಮ್ಮ ಬ್ಯಾಟರಿಯಾದರೋ 42 ವೋಲ್ಟಿನದು. ಇಂತಹ ಫ್ಯೂಸ್ ಕರಗಿದರೂ, ಕರಗಿದ ಎರಡು ತುದಿಗಳ ನಡುವೆ ವಿದ್ಯುತ್ ಕಿಡಿಯು ಆರದೆ ಮುಂದುವರಿಯುವ ಸಂಭವವಿದೆ. ಮನೆಯ ಪರ್ಯಾಯ ವಿದ್ಯುತ್ತಿನಲ್ಲಿ ಪ್ರವಾಹವು ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಇಳಿಯುವುದರಿಂದ ಕಿಡಿ ತಾನಾಗಿ ನಂದುತ್ತದೆ. ಬ್ಯಾಟರಿಯ ನೇರ ವಿದ್ಯುತ್ತಿನಲ್ಲಿ ಈ ಬಿಡುವು ಇರುವುದಿಲ್ಲ. ಆದಕಾರಣ ನೇರ ವಿದ್ಯುತ್ತಿಗೆ 58 ವೋಲ್ಟ್ ಅಥವಾ ಅದಕ್ಕೂ ಹೆಚ್ಚಿನ ಮಿತಿಯುಳ್ಳ ಫ್ಯೂಸನ್ನು ಕೇಳಿ ಪಡೆಯಬೇಕು. ಪರ್ಯಾಯ ವಿದ್ಯುತ್ತಿಗೆ 250 ವೋಲ್ಟ್ ಎಂದಷ್ಟೇ ಬರೆದಿರುವ ಗಾಜಿನ ಫ್ಯೂಸ್ ಇದಕ್ಕೆ ಬದಲಿಯಾಗಲಾರದು.

ಫ್ಯೂಸನ್ನು ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ, ಕೆಂಪು ತಂತಿಯ ನಡುವೆ ಅಳವಡಿಸಬೇಕು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ಫ್ಯೂಸಿನಿಂದ ಯಾವ ರಕ್ಷಣೆಯೂ ಇಲ್ಲವಾದ್ದರಿಂದ ಆ ಭಾಗ ಚಿಕ್ಕದಿದ್ದಷ್ಟೂ ಒಳ್ಳೆಯದು.

ಕನೆಕ್ಟರುಗಳು

ಬ್ಯಾಟರಿಯ ಜೋಡಣೆಗೆ ಎಕ್ಸ್‌ಟಿ-60 ಎಂಬ ಹಳದಿ ಬಣ್ಣದ ಕನೆಕ್ಟರ್ ಸೂಕ್ತ. ಅದರ ಆಕಾರವು ತಿರುಗುಮುರುಗಾಗಿ ಸೇರಿಸಲು ಅವಕಾಶ ಕೊಡುವುದಿಲ್ಲ. ಲೋಹದ ತುದಿಗಳು ಒಳಗೆ ಮರೆಯಾಗಿರುವ ಭಾಗವನ್ನೇ ಬ್ಯಾಟರಿಯ ಕಡೆಗೆ ಬೆಸೆಯಬೇಕು. ಕನೆಕ್ಟರ್ ಬಿಚ್ಚಿದ್ದಾಗಲೂ ಬ್ಯಾಟರಿಯ ಕಡೆ ವಿದ್ಯುತ್ ಇದ್ದೇ ಇರುತ್ತದೆ ಎಂಬುದೇ ಇದಕ್ಕೆ ಕಾರಣ. ಬ್ಯಾಟರಿಯ ಎರಡು ತಂತಿಗಳನ್ನು ಒಟ್ಟಿಗೆ ಒಂದೇ ಇಕ್ಕಳದಿಂದ ಕತ್ತರಿಸಿದರೆ ಅವು ಆ ಕ್ಷಣದಲ್ಲಿಯೇ ಪರಸ್ಪರ ತಾಗುತ್ತವೆ. ಆದುದರಿಂದ ಒಂದು ತಂತಿಯನ್ನು ಕತ್ತರಿಸಿ, ಬೆಸೆದು, ಹೊದಿಕೆ ಹಾಕಿದ ಬಳಿಕವೇ ಇನ್ನೊಂದಕ್ಕೆ ಕೈಹಾಕಬೇಕು.

ಜೋಡಣೆಯ ಕ್ರಮ

ಬ್ಯಾಟರಿಯನ್ನು ಎಲ್ಲಕ್ಕಿಂತ ಕೊನೆಯಲ್ಲಿ ಜೋಡಿಸಬೇಕು. ಮೊದಲಿಗೆ ಮೋಟಾರಿನಿಂದ ಬರುವ ಮೂರು ದಪ್ಪ ತಂತಿಗಳನ್ನು ಕಂಟ್ರೋಲರಿನ ಮೂರು ದಪ್ಪ ತಂತಿಗಳಿಗೆ ಸೇರಿಸಬೇಕು. ಅನಂತರ ಚಕ್ರದ ಸ್ಥಾನವನ್ನು ತಿಳಿಸುವ ಹಾಲ್ ಸಂವೇದಕಗಳ ಐದು ತೆಳು ತಂತಿಗಳ ಕನೆಕ್ಟರನ್ನೂ, ಆಮೇಲೆ ಥ್ರಾಟಲ್ ಮತ್ತು ಬ್ರೇಕಿನ ಸ್ವಿಚ್ಚುಗಳನ್ನೂ ಜೋಡಿಸಬೇಕು. ಬಣ್ಣಗಳು ಹೊಂದಿಕೊಂಡರೂ ಬೇರೆ ಬೇರೆ ತಯಾರಕರ ಭಾಗಗಳಲ್ಲಿ ಅವುಗಳ ಅರ್ಥ ಒಂದೇ ಆಗಿರಬೇಕೆಂದಿಲ್ಲ. ಚಕ್ರವು ಗಡಗಡನೆ ನಡುಗಿ ನಿಂತರೆ ಅಥವಾ ಹಿಮ್ಮುಖವಾಗಿ ತಿರುಗಿದರೆ ತಂತಿಗಳ ಅನುಕ್ರಮ ತಪ್ಪಾಗಿದೆಯೆಂದು ತಿಳಿದು ತಕ್ಷಣ ನಿಲ್ಲಿಸಬೇಕು.

ಥ್ರಾಟಲಿನ ಮೂರು ತಂತಿಗಳಲ್ಲಿ ಒಂದು ಸುಮಾರು 5 ವೋಲ್ಟ್ ಪೂರೈಸುತ್ತದೆ, ಇನ್ನೊಂದು ಋಣ ತಂತಿ, ಮೂರನೆಯದು ಸಂಕೇತದ ತಂತಿ. ಮಲ್ಟಿಮೀಟರಿನಿಂದ ಅಳೆದಾಗ ಸಂಕೇತವು ಕೈ ಬಿಟ್ಟಿರುವಾಗ ಸುಮಾರು 0.8 ವೋಲ್ಟ್ ಇದ್ದು, ಪೂರ್ತಿ ತಿರುಗಿಸಿದಾಗ ಸುಮಾರು 3.5ರಿಂದ 4.2 ವೋಲ್ಟಿನವರೆಗೆ ಏರಬೇಕು. ಋಣ ತಂತಿ ತುಂಡಾದಲ್ಲಿ ಸಂಕೇತವು ತಾನಾಗಿ ಮೇಲೇರಿ, ಸವಾರನು ಕೈ ಬಿಟ್ಟರೂ ಮೋಟಾರು ಪೂರ್ಣ ವೇಗದಲ್ಲಿ ಓಡಬಹುದು. ಬ್ರೇಕ್ ಹಿಡಿದೊಡನೆ ಮೋಟಾರನ್ನು ನಿಲ್ಲಿಸುವ ಸ್ವಿಚ್ಚನ್ನು ಕೈಬಿಡಬಾರದೆಂದು ಹೇಳುವುದು ಇದಕ್ಕಾಗಿಯೇ. ಮೊದಲ ಪರೀಕ್ಷೆಯನ್ನು ಚಕ್ರವು ನೆಲಕ್ಕೆ ತಾಗದಂತೆ ಬೈಸಿಕಲ್ಲನ್ನು ಎತ್ತಿ ನಿಲ್ಲಿಸಿಯೇ ನಡೆಸಬೇಕು.

ಕಡಲ ತೀರದ ಗಾಳಿ ಮತ್ತು ಮಳೆ

ಚೆನ್ನೈಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ ಬೀಳುತ್ತದೆ, ಕಡಲ ಗಾಳಿಯಲ್ಲಿ ವರ್ಷವಿಡೀ ಉಪ್ಪಿನ ಅಂಶವಿರುತ್ತದೆ. ಕಂಟ್ರೋಲರಿನ ತಂತಿಗಳು ಕೆಳಮುಖವಾಗಿ ಹೊರಬರುವಂತೆ ಅದನ್ನು ಕಟ್ಟಬೇಕು. ಕನೆಕ್ಟರಿಗೆ ಮುಂಚೆ ತಂತಿಯು ಸ್ವಲ್ಪ ಇಳಿಬಿದ್ದಿದ್ದರೆ ನೀರು ಆ ತಗ್ಗಿನಿಂದ ತೊಟ್ಟಿಕ್ಕಿ ಹೋಗುತ್ತದೆ. 2015ರ ಮತ್ತು 2023ರ ಡಿಸೆಂಬರಿನಲ್ಲಿ ಆದಂತೆ ರಸ್ತೆಯೇ ಜಲಾವೃತವಾದರೆ ಬೈಸಿಕಲ್ಲನ್ನು ಚಲಾಯಿಸದಿರುವುದೇ ಲೇಸು. ನೀರಿನಲ್ಲಿ ಮುಳುಗಿದ ಬ್ಯಾಟರಿಯನ್ನು ಎಂದಿಗೂ ಮನೆಯೊಳಗೆ ಚಾರ್ಜ್ ಮಾಡಕೂಡದು.

ಅರ್ಧ ಗಂಟೆ ಸವಾರಿ ಮಾಡಿದ ಮೇಲೆ ಕನೆಕ್ಟರನ್ನೂ ಫ್ಯೂಸಿನ ಹಿಡಿಕೆಯನ್ನೂ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಚಿಂತೆಯಿಲ್ಲ. ಬೆರಳಿಡಲಾಗದಷ್ಟು ಬಿಸಿಯಾಗಿದ್ದರೆ ಅಥವಾ ಪ್ಲಾಸ್ಟಿಕ್ ಕಂದುಗಟ್ಟಿದ್ದರೆ ಒಳಗಿನ ಸಂಪರ್ಕ ಸಡಿಲವಾಗಿದೆ ಎಂದರ್ಥ. ಅಂತಹ ಕನೆಕ್ಟರನ್ನು ಬಿಗಿಮಾಡಿ ಬಳಸದೆ ಬದಲಾಯಿಸತಕ್ಕದ್ದು.

ನಿಯಮದ ಮಾತು

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೂವತ್ತು ನಿಮಿಷಗಳ ಸಾಮರ್ಥ್ಯವು 0.25 ಕಿಲೋವ್ಯಾಟಿಗಿಂತಲೂ, ಗರಿಷ್ಠ ವೇಗವು ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿರುವ ಬ್ಯಾಟರಿ ಚಾಲಿತ ದ್ವಿಚಕ್ರ ವಾಹನವು ಇತರ ಷರತ್ತುಗಳನ್ನೂ ಪೂರೈಸಿದಲ್ಲಿ ಮೋಟಾರು ವಾಹನವೆನಿಸುವುದಿಲ್ಲ. ಈ ಷರತ್ತುಗಳನ್ನು ಅಧಿಕೃತ ಪರೀಕ್ಷಾ ಸಂಸ್ಥೆಯು ದೃಢೀಕರಿಸಿರಬೇಕು. ಮನೆಯಲ್ಲಿ ಜೋಡಿಸಿದ ಬೈಸಿಕಲ್ಲಿಗೆ ಈ ವಿನಾಯಿತಿ ತಾನಾಗಿ ಲಭಿಸುವುದಿಲ್ಲವೆಂಬುದನ್ನು ಬಿಡಿಭಾಗಗಳನ್ನು ಕೊಳ್ಳುವ ಮೊದಲೇ ಗಮನಿಸುವುದು ಉಚಿತ.