‘ಆರ್ಯಪುತ್ರ’ ಎಂಬ ಕರೆ ಅರ್ಧಕ್ಕೆ ನಿಂತಾಗ

ಸಂಸ್ಕೃತ ನಾಟಕದಲ್ಲಿ ಹೆಂಡತಿ ಗಂಡನನ್ನು ‘ಆರ್ಯಪುತ್ರ’ ಎಂದು ಕರೆಯುತ್ತಾಳೆ. ಅದೇ ಮಾತನ್ನು ಇವತ್ತಿನ ಕಥೆಯೊಂದರಲ್ಲಿ ಹಾಕಿದರೆ ಓದುಗರು ನಕ್ಕುಬಿಡುತ್ತಾರೆ. ಆದರೆ ಕಾಳಿದಾಸನ ಶಾಕುಂತಲದ ಐದನೆಯ ಅಂಕ ಓದುವಾಗ ಯಾರಿಗೂ ನಗು ಬರುವುದಿಲ್ಲ. ಅಲ್ಲಿ ಆ ಹಳೆಯ ಕರೆ ನಮ್ಮ ಮನೆಯ ಮಾತಿನಷ್ಟೇ ಸಹಜವಾಗಿ ಕಿವಿಗೆ ಬೀಳುತ್ತದೆ. ಏಕೆಂದು ನೋಡಬೇಕಾದರೆ ಆ ಸನ್ನಿವೇಶವನ್ನು ಹೆಜ್ಜೆಹೆಜ್ಜೆಯಾಗಿ ಹಿಂಬಾಲಿಸಬೇಕು.

ಆರ್ಯಪುತ್ರ ಎಂದರೆ ಹಿರಿಯರ ಮಗ, ಅಂದರೆ ಮಾವನವರ ಮಗ. ಅದರಲ್ಲಿ ಮೋಹಕ್ಕಿಂತ ಮನೆತನದ ಸಂಬಂಧವೇ ಮುಂದು. ಆ ಮನೆಗೆ ಸೊಸೆಯಾಗಿ ಬಂದವಳಿಗೆ ಮಾತ್ರ ಹಾಗೆ ಕರೆಯುವ ಅಧಿಕಾರ. ನಾಟಕದಲ್ಲಿ ಹೆಂಗಸರು ಪ್ರಾಕೃತ ಆಡುವುದರಿಂದ ಶಕುಂತಲೆಯ ಬಾಯಲ್ಲಿ ಅದು ‘ಅಜ್ಜಉತ್ತ’ ಆಗುತ್ತದೆ, ಇನ್ನಷ್ಟು ಮೆತ್ತಗಾಗುತ್ತದೆ. ಮೂರನೆಯ ಅಂಕದಲ್ಲಿ, ಇನ್ನೂ ಮದುವೆಯಾಗದಿದ್ದಾಗ, ತನ್ನನ್ನು ತಡೆದ ದುಷ್ಯಂತನನ್ನು ಅವಳು ‘ಪೌರವ’ ಎಂದಿದ್ದಳು. ಅದು ಪುರುವಂಶದವನಿಗೆ ಯಾರು ಬೇಕಾದರೂ ಹೇಳಬಹುದಾದ ಮಾತು.

ಐದನೆಯ ಅಂಕದಲ್ಲಿ ಅವಳು ಬಸುರಿ. ಗೌತಮಿ, ಶಾರ್ಙ್ಗರವರ ಜೊತೆ ರಾಜಸಭೆಗೆ ಬಂದಿದ್ದಾಳೆ. ಶಾಪದಿಂದಾಗಿ ರಾಜನಿಗೆ ಅವಳ ನೆನಪೇ ಇಲ್ಲ. ಗೌತಮಿ ಮುಸುಕು ಸರಿಸಿದರೂ ಅವನು ಗುರುತಿಸುವುದಿಲ್ಲ. ಶಕುಂತಲೆ ಬಾಯಿ ತೆರೆದು ‘ಆರ್ಯಪುತ್ರ’ ಎನ್ನಲು ಹೊರಟವಳು ನಡುವೆಯೇ ನಿಲ್ಲುತ್ತಾಳೆ. ಮದುವೆಯೇ ಅನುಮಾನಕ್ಕೆ ಬಿದ್ದಿರುವಾಗ ಹಾಗೆ ಕರೆಯುವುದು ತರವಲ್ಲ ಎಂದುಕೊಂಡು ‘ಪೌರವ’ ಎಂದು ಬದಲಿಸುತ್ತಾಳೆ. ಅಲ್ಲಿಂದ ಮುಂದೆ ಉಂಗುರ ಹುಡುಕುತ್ತಾಳೆ, ಅದು ಬೆರಳಲ್ಲಿಲ್ಲ. ಆಶ್ರಮದ ಜಿಂಕೆಮರಿಯ ನೆನಪು ಹೇಳುತ್ತಾಳೆ. ಅವನು ಹೆಂಗಸರ ಕಪಟದ ಮಾತೆತ್ತಿದಾಗ ಸಿಟ್ಟಿನಿಂದ ‘ಅನಾರ್ಯ’ ಎನ್ನುತ್ತಾಳೆ. ಒಂದು ಸಂಸಾರ ಮುರಿದದ್ದನ್ನು ಕಾಳಿದಾಸ ಬರೀ ಈ ಮೂರು ಕರೆಗಳಲ್ಲಿ ತೋರಿಸಿಬಿಡುತ್ತಾನೆ.

ಕನ್ನಡಕ್ಕೆ ತರುವವರಿಗೆ ಕಷ್ಟ ಇಲ್ಲೇ. ಈಗಿನವರಿಗೆ ಹತ್ತಿರವಾಗಲಿ ಎಂದು ‘ಪ್ರಿಯ’ ಎಂದು ಹಾಕಿದರೆ, ಅವಳು ತಡೆದು ನಿಲ್ಲುವುದಕ್ಕೆ ಕಾರಣವೇ ಇರುವುದಿಲ್ಲ. ಪ್ರೀತಿ ಅವಳಲ್ಲಿ ಇನ್ನೂ ಇದೆ. ಅಲುಗಾಡಿದ್ದು ಹೆಂಡತಿಯ ಸ್ಥಾನ. ‘ಸ್ವಾಮಿ’ ಎಂದರೆ ಅಪರಿಚಿತರಿಗೂ ಹಾಗೆನ್ನುತ್ತೇವೆ, ಅದನ್ನು ಹಿಂತೆಗೆದುಕೊಳ್ಳಬೇಕಾಗಿಲ್ಲ. ನಮ್ಮ ಹಳೆಯ ಮನೆಗಳ ‘ರೀ’ ಇದಕ್ಕೆ ಬಲು ಸಮೀಪ. ಗಂಡನ ಹೆಸರು ಹಿಡಿಯದ ಹೆಂಡತಿಯ ಸಲಿಗೆ, ಗೌರವ ಎರಡೂ ಅದರಲ್ಲಿವೆ. ಆದರೆ ಅಂಗಡಿಯವನಿಗೂ ‘ರೀ’ ಎನ್ನುತ್ತೇವೆ. ಆದ್ದರಿಂದ ಆರ್ಯಪುತ್ರವನ್ನು ಹಾಗೇ ಉಳಿಸಿಕೊಳ್ಳುವುದೇ ಸರಿ ಎಂದು ನನಗನ್ನಿಸುತ್ತದೆ. ಒಂದೇ ಎಚ್ಚರಿಕೆ ಬೇಕು: ಸಿಕ್ಕಸಿಕ್ಕಲ್ಲೆಲ್ಲ ಅದನ್ನು ತುರುಕಬಾರದು. ಮಾತುಮಾತಿಗೂ ಕೇಳಿದರೆ ಕಿವಿ ಮರಗಟ್ಟಿ, ಅದು ತಡೆದ ಕ್ಷಣ ಯಾರಿಗೂ ತಟ್ಟುವುದಿಲ್ಲ.

ಏಳನೆಯ ಅಂಕದಲ್ಲಿ, ಮಾರೀಚರ ಆಶ್ರಮದಲ್ಲಿ, ಮಾಸಿದ ಸೀರೆಯ ಒಂಟಿಜಡೆಯ ಶಕುಂತಲೆ ಪಶ್ಚಾತ್ತಾಪದಿಂದ ಬಿಳಿಚಿದ ರಾಜನನ್ನು ಕಾಣುತ್ತಾಳೆ. ಇವನು ಆರ್ಯಪುತ್ರನಂತೆ ಕಾಣುತ್ತಿಲ್ಲವಲ್ಲ ಎಂದು ಮೊದಲು ಅನುಮಾನ. ಗುರುತು ಹತ್ತಿದ ಮೇಲೆ ಆರ್ಯಪುತ್ರನಿಗೆ ಜಯವಾಗಲಿ ಎಂದು ಹೇಳಹೋಗಿ, ಕಣ್ಣೀರಿನಿಂದ ಗಂಟಲು ಕಟ್ಟಿ ಮತ್ತೆ ಅರ್ಧಕ್ಕೇ ನಿಲ್ಲುತ್ತಾಳೆ. ಹಿಂದೆ ತಡೆದದ್ದು ಸಂಕೋಚ, ಈಗ ತಡೆದದ್ದು ಅಳು. ಆ ಮಾತು ಪೂರ್ತಿಯಾಗದಿದ್ದರೂ ತಾನು ಗೆದ್ದೆ ಎಂದು ರಾಜನಿಗೆ ಅರ್ಥವಾಗುತ್ತದೆ.

ಭವಭೂತಿಗೂ ಈ ಗುಟ್ಟು ಗೊತ್ತಿತ್ತು. ಉತ್ತರರಾಮಚರಿತದ ಮೂರನೆಯ ಅಂಕದಲ್ಲಿ ಸೀತೆಯ ಗೆಳತಿ ವಾಸಂತಿ ರಾಮನನ್ನು ‘ಮಹಾರಾಜ’ ಎಂದು ಕರೆಯುತ್ತಾಳೆ. ಬೇರೆಯವರ ಬಾಯಲ್ಲಿ ಅದು ಮರ್ಯಾದೆ; ಅವಳ ಬಾಯಲ್ಲಿ ಪ್ರೀತಿ ಆರಿಹೋದ ಕರೆ ಎಂದು ರಾಮ ಆಗಲೇ ಮನಸ್ಸಿನಲ್ಲಿ ನೊಂದುಕೊಳ್ಳುತ್ತಾನೆ.

ಹಾಗಾಗಿ ಇಂಥ ಮಾತು ಇವತ್ತಿನ ಬರಹದಲ್ಲಿ ಸಲ್ಲುತ್ತದೆಯೇ ಎಂದು ತಿಳಿಯಲು ನಾನು ಒಂದು ಪರೀಕ್ಷೆ ಮಾಡುತ್ತೇನೆ. ಆ ಕರೆಯನ್ನು ತೆಗೆದುಹಾಕಿ ವಾಕ್ಯವನ್ನು ಮತ್ತೆ ಓದುತ್ತೇನೆ. ಪ್ರೇಮಪತ್ರದ ‘ಪ್ರಾಣೇಶ್ವರಿ’, ‘ಹೃದಯವಲ್ಲಭೆ’ಗಳನ್ನು ತೆಗೆದರೆ ಸಾಮಾನ್ಯವಾಗಿ ಪತ್ರಕ್ಕೆ ಏನೂ ಆಗುವುದಿಲ್ಲ, ಇನ್ನೂ ಹಗುರಾಗುತ್ತದೆ. ಆ ಇಬ್ಬರ ನಡುವೆ ಅಂಥ ಕರೆ ನಿಜವಾಗಿ ಬಳಕೆಯಲ್ಲಿದ್ದು, ಒಂದು ದಿನ ಅದು ಬಾರದೆ ಹೋದದ್ದನ್ನು ಇನ್ನೊಬ್ಬರು ಗಮನಿಸಿದರೆ ಮಾತ್ರ ಅದನ್ನು ಉಳಿಸಿಕೊಳ್ಳುತ್ತೇನೆ.