ಕಾಯಿಸದ ವೈಫೈ

ಕಡಿಮೆ ಬೆಲೆಯ ವೈಫೈ 7 ರೌಟರ್‌ಗಳ ಡಬ್ಬದ ಮೇಲೆ ಸಾಮಾನ್ಯವಾಗಿ ‘ಬಿಇ 3600’ ಎಂದು ಬರೆದಿರುತ್ತದೆ. ಈ 3600 ಒಂದು ಕೂಡುಲೆಕ್ಕ. 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಹೆಚ್ಚೆಂದರೆ ಸೆಕೆಂಡಿಗೆ 688 ಮೆಗಾಬಿಟ್, 5 ಗಿಗಾಹರ್ಟ್ಸಿನಲ್ಲಿ 2882. ಕೂಡಿಸಿ ದುಂಡು ಮಾಡಿದರೆ 3600. ಎರಡೂ ಬ್ಯಾಂಡುಗಳನ್ನು ಒಟ್ಟಿಗೆ ಬಳಸುವ ‘ಮಲ್ಟಿ-ಲಿಂಕ್ ಆಪರೇಷನ್’, ಅಂದರೆ ಎಂಎಲ್‌ಒ, ಇದರಲ್ಲಿದೆ ಎಂದು ಮಾರುವವರು ಹೇಳಿದಾಗ, ಅಷ್ಟೂ ವೇಗ ತನ್ನ ಫೋನಿಗೇ ಸಿಗುತ್ತದೆಂದು ಯಾರಿಗಾದರೂ ಅನಿಸುತ್ತದೆ. ಹಾಗೆ ಸಿಗುವುದು ಅಪರೂಪ. ಎಂಎಲ್‌ಒ ಕೊಡುವ ದೊಡ್ಡ ಲಾಭವೇ ಬೇರೆ.

ಹಿಂದಿನ ವೈಫೈಗಳಲ್ಲಿ ಫೋನು ಒಂದು ಸಲಕ್ಕೆ ಒಂದೇ ಬ್ಯಾಂಡಿಗೆ ಅಂಟಿಕೊಂಡಿರುತ್ತದೆ. ಬ್ಯಾಂಡ್ ಬದಲಿಸಬೇಕಾದರೆ ಹಳೆಯ ಸಂಪರ್ಕ ಕಡಿದು ಹೊಸದನ್ನು ಕಟ್ಟಿಕೊಳ್ಳಬೇಕು. ಎಂಎಲ್‌ಒದಲ್ಲಿ ಸಂಪರ್ಕ ಒಂದೇ, ಅದರೊಳಗೆ ಲಿಂಕುಗಳು ಎರಡು. ದತ್ತಾಂಶದ ತುಣುಕುಗಳಿಗೆಲ್ಲ ಒಂದೇ ಸಾಲಿನ ಕ್ರಮಸಂಖ್ಯೆ ಬೀಳುತ್ತದೆ. ಯಾವ ತುಣುಕು ಯಾವ ಲಿಂಕಿನಲ್ಲಿ ಬಂದರೂ ಆ ತುದಿಯಲ್ಲಿ ಸಂಖ್ಯೆ ನೋಡಿ ಜೋಡಿಸಿಕೊಳ್ಳುತ್ತಾರೆ.

ಆದರೆ ಫೋನು ಎರಡೂ ಲಿಂಕುಗಳಲ್ಲಿ ನಿಜಕ್ಕೂ ಒಂದೇ ಹೊತ್ತಿಗೆ ಮಾತಾಡಬೇಕಾದರೆ ಅದರೊಳಗೆ ಎರಡು ಪೂರ್ಣ ರೇಡಿಯೊ ಬೇಕು. 5 ಮತ್ತು 6 ಗಿಗಾಹರ್ಟ್ಸಿನಂಥ ಹತ್ತಿರದ ಬ್ಯಾಂಡುಗಳಾದರೆ ಇನ್ನೊಂದು ತೊಡಕು: ಒಂದರಲ್ಲಿ ಕಳಿಸುವ ಗಟ್ಟಿ ಸಂಕೇತ ಪಕ್ಕದ ರಿಸೀವರನ್ನೇ ಕಿವುಡಾಗಿಸುತ್ತದೆ. ಅದನ್ನು ತಡೆಯುವ ಫಿಲ್ಟರುಗಳಿಗೆ ಹಣ ಬೇಕು, ಎರಡು ರೇಡಿಯೊ ಓಡಿಸಲು ಬ್ಯಾಟರಿ ಬೇಕು. ಹಾಗಾಗಿ ಹಲವು ಸಾಧನಗಳು ಇಎಂಎಲ್‌ಎಸ್‌ಆರ್ ಎಂಬ ಸರಳ ವಿಧಾನ ಹಿಡಿದಿವೆ. ಎರಡೂ ಲಿಂಕುಗಳಲ್ಲಿ ಕಿವಿಯಿಟ್ಟಿರುವುದು, ರೌಟರ್ ಯಾವುದರಲ್ಲಿ ಕರೆಯುತ್ತದೋ ಅದಕ್ಕೆ ಎಲ್ಲ ಆಂಟೆನಾಗಳನ್ನೂ ತಿರುಗಿಸಿ ಕೆಲಸ ಮುಗಿಸುವುದು, ಮತ್ತೆ ಎರಡರಲ್ಲೂ ಆಲಿಸುವುದು. ಇಲ್ಲಿ ವೇಗಗಳ ಕೂಡುಲೆಕ್ಕವೇ ಇಲ್ಲ.

ಹಾಗಿದ್ದರೂ ಇದು ಯಾಕೆ ಬೇಕು? ವೈಫೈಯಲ್ಲಿ ಯಾರೇ ಕಳಿಸುವ ಮೊದಲು ಚಾನೆಲ್ ಖಾಲಿಯಿದೆಯೇ ಎಂದು ಆಲಿಸಲೇಬೇಕು. ಪಕ್ಕದ ಮನೆಯ ಟಿವಿ ಒಮ್ಮೆ ಚಾನೆಲ್ ಹಿಡಿದರೆ ಐದು ಮಿಲಿಸೆಕೆಂಡಿನವರೆಗೂ ಬಿಡದಿರಬಹುದು. ಅಂಥವರು ಸಾಲಾಗಿ ನಾಲ್ಕೈದು ಮಂದಿಯಾದರೆ ವಿಡಿಯೊ ಕರೆಯಲ್ಲಿ ಮಾತು ತುಂಡಾಗುತ್ತದೆ. ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡು ಲಿಂಕುಗಳೂ ನೂರರಲ್ಲಿ 40 ಪಾಲು ಹೊತ್ತು ಬ್ಯುಸಿ ಎಂದಿಟ್ಟುಕೊಳ್ಳಿ. ಒಂದೇ ಲಿಂಕಿದ್ದರೆ ನೂರು ಸಲದಲ್ಲಿ 40 ಸಲ ಕಾಯಬೇಕು. ಎರಡಿದ್ದು, ಒಂದರ ಗದ್ದಲಕ್ಕೂ ಇನ್ನೊಂದರದಕ್ಕೂ ಸಂಬಂಧವಿಲ್ಲದಿದ್ದರೆ, ಎರಡೂ ಒಟ್ಟಿಗೆ ಬ್ಯುಸಿ ಇರುವುದು 16 ಸಲ ಮಾತ್ರ. ಎಂಎಲ್‌ಒದ ಸಾರ ಈ ಲೆಕ್ಕದಲ್ಲಿದೆ. ಸ್ಪೀಡ್ ಟೆಸ್ಟಿನಲ್ಲಿ ಇದು ಕಾಣದೇ ಹೋಗಬಹುದು. ಕರೆಯಲ್ಲಿ, ಆಟದಲ್ಲಿ ಗೊತ್ತಾಗುತ್ತದೆ.

ಅದೇ ಕಟ್ಟಡದಲ್ಲಿ ಎರಡನೆಯ ಲಿಂಕು 2.4 ಗಿಗಾಹರ್ಟ್ಸಿನದಾದರೆ ಲೆಕ್ಕ ಕೆಡುತ್ತದೆ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಅಲ್ಲಿ ಮೂರೇ, ಬ್ಲೂಟೂತ್‌ ಕೂಡ ಅಲ್ಲೇ. ಅದು 80 ಪಾಲು ಬ್ಯುಸಿ ಎಂದರೆ ಕಾಯುವ ಸಲಗಳು 40ರಿಂದ 32ಕ್ಕೆ ಇಳಿಯುತ್ತವೆ, ಅಷ್ಟೇ. ಮೇಲಾಗಿ ನಿಧಾನದ ಲಿಂಕಿನಲ್ಲಿ ಒಂದು ತುಣುಕು ಸಿಕ್ಕಿಬಿದ್ದರೆ, ವೇಗದ ಲಿಂಕಿನಲ್ಲಿ ಬಂದುಬಿಟ್ಟ ತುಣುಕುಗಳೂ ಕ್ರಮಸಂಖ್ಯೆಗಾಗಿ ಅದನ್ನೇ ಕಾಯುತ್ತವೆ. ಗಿಜಿಗುಡುವ ಕಟ್ಟಡದಲ್ಲಿ ಬಿಇ 3600ರಂಥ ಎರಡೇ ಬ್ಯಾಂಡಿನ ರೌಟರಿನಿಂದ ಹೆಚ್ಚು ನಿರೀಕ್ಷಿಸಬಾರದು ಎನ್ನುವುದು ಇದಕ್ಕೇ. ಒಳ್ಳೆಯ ಜೋಡಿ 5 ಮತ್ತು 6. ಭಾರತದಲ್ಲಿ 5925ರಿಂದ 6425 ಮೆಗಾಹರ್ಟ್ಸ್‌ವರೆಗಿನ ಹರವನ್ನು ಪರವಾನಗಿಯಿಲ್ಲದೆ ಬಳಸಲು ಬಿಡುವ ಕರಡು ನಿಯಮ ಹೊರಬಿದ್ದದ್ದೇ 2025ರ ಮೇ ತಿಂಗಳಲ್ಲಿ. 6 ಗಿಗಾಹರ್ಟ್ಸ್ ಗೋಡೆ ದಾಟುವಾಗ ಇನ್ನಷ್ಟು ಸೊರಗುತ್ತದೆ ಎಂಬುದೂ ನೆನಪಿರಲಿ. ಮೂರು ಗೋಡೆಯಾಚೆಯ ಕೋಣೆಯಲ್ಲಿ ಆ ಲಿಂಕು ಇದ್ದೂ ಇಲ್ಲದಂತೆ.

ಎಂಎಲ್‌ಒ ತನ್ನ ಪೂರ್ತಿ ಶಕ್ತಿ ತೋರಿಸುವುದು ದೊಡ್ಡ ಮನೆಗಳ ಮೆಶ್ ವ್ಯವಸ್ಥೆಯಲ್ಲಿ, ಕೆಳಮಹಡಿಯ ಪೆಟ್ಟಿಗೆಗೂ ಮೇಲ್ಮಹಡಿಯದಕ್ಕೂ ನಡುವೆ. ಎರಡೂ ಕದಲುವುದಿಲ್ಲ, ಎರಡಕ್ಕೂ ಕರೆಂಟಿದೆ, ಎರಡರಲ್ಲೂ ಬ್ಯಾಂಡಿಗೊಂದು ರೇಡಿಯೊ ಇದೆ. ಅಲ್ಲಿ ಎರಡು ಲಿಂಕುಗಳ ವೇಗ ನಿಜವಾಗಿ ಕೂಡುತ್ತದೆ. ತಂತಿ ಎಳೆಯಲಾಗದ ಮನೆಗೆ ಈ ಕಾರಣಕ್ಕಾಗಿಯೇ ವೈಫೈ 7 ಕೊಳ್ಳುವುದು ಸರಿ.

ಈಗಾಗಲೇ ಕೊಂಡಿದ್ದರೆ ಒಂದೆರಡು ವಿಷಯ ನೋಡಿಕೊಳ್ಳಿ. ಎಂಎಲ್‌ಒಗೆ ಡಬ್ಲ್ಯೂಪಿಎ3 ಭದ್ರತೆ ಕಡ್ಡಾಯ. ರೌಟರಿನಲ್ಲಿ ಹಳೆಯ ಡಬ್ಲ್ಯೂಪಿಎ2 ಇಟ್ಟಿದ್ದರೆ ಅದು ಸದ್ದಿಲ್ಲದೆ ಕೈಬಿಟ್ಟುಹೋಗುತ್ತದೆ. ಕೆಲವು ರೌಟರ್‌ಗಳಲ್ಲಿ ಎಂಎಲ್‌ಒಗೆಂದೇ ಬೇರೆ ನೆಟ್‌ವರ್ಕ್ ಹೆಸರು ತೆರೆಯಬೇಕು. ವಿಂಡೋಸ್ 11 ಆದರೆ 24H2 ಆವೃತ್ತಿಯೋ ಅದರ ನಂತರದ್ದೋ ಇರಬೇಕು. ಅದರಲ್ಲಿ

```
netsh wlan show interfaces
```

ಎಂದು ಕೊಟ್ಟಾಗ 802.11be ಎಂದು ಕಂಡರೆ ವೈಫೈ 7 ಸಿಕ್ಕಿದೆ ಎಂದಷ್ಟೇ ಅರ್ಥ. ಎರಡು ಲಿಂಕು ಕೂಡಿವೆಯೋ ಇಲ್ಲವೋ ಎಂಬುದನ್ನು ರೌಟರಿನ ಪುಟದಲ್ಲಿ ನಿಮ್ಮ ಸಾಧನದ ಹೆಸರಿನ ಮುಂದೆ ಹುಡುಕಿ. ಮನೆಯ ಫೈಬರ್ ಯೋಜನೆ 100 ಮೆಗಾಬಿಟ್‌ನದಾಗಿದ್ದು, ಕಟ್ಟಡದಲ್ಲಿ ಗದ್ದಲವಿಲ್ಲದೆ, ಕರೆಗಳು ತುಂಡಾಗದೆ ನಡೆಯುತ್ತಿದ್ದರೆ, ಎಂಎಲ್‌ಒಗಾಗಿ ರೌಟರ್ ಬದಲಿಸಬೇಡಿ.