ಕೀಚುಗ ಮತ್ತು ಬಾನಾಡಿ: ರೂಪಭೇದ ವಿಚಾರ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಮೇಲೆ ಚಳಿಗಾಲದಲ್ಲಿ ಕೀಟಗಳನ್ನು ಬೆನ್ನಟ್ಟಿ ಹಾರುವ ಕವಲುಬಾಲದ ಹಕ್ಕಿಗಳನ್ನೆಲ್ಲ ಅಂಬರಕೀಚುಗಗಳೆಂದು ಭಾವಿಸುವುದುಂಟು. ಆದರೆ ಬಾಲವೊಂದೇ ಪ್ರಮಾಣವಾಗಲಾರದು. ತಾಳೆಯ ಗರಿಗಳಲ್ಲಿ ಗೂಡುಕಟ್ಟುವ ತಾಳೆಬಾನಾಡಿಯ ಬಾಲವೂ ಆಳವಾಗಿ ಕವಲೊಡೆದಿರುತ್ತದೆ. ಎಳೆಯ ಕೀಚುಗಕ್ಕಾದರೋ ಬಾಲದ ತುದಿಯ ನೀಳವಾದ ಎಳೆಗಳು ಇನ್ನೂ ಬೆಳೆದಿರುವುದಿಲ್ಲ.

ಆದುದರಿಂದ ಮೊದಲು ರೆಕ್ಕೆಯನ್ನು ನೋಡತಕ್ಕದ್ದು. ಬಾನಾಡಿಯ ರೆಕ್ಕೆಯಲ್ಲಿ ತೋಳಿನ ಭಾಗವು ಗಿಡ್ಡ, ಕೈಯ ಭಾಗವು ನೀಳ. ಅದು ಕಿರಿದಾಗಿ ಕುಡುಗೋಲಿನಂತೆ ಬಾಗಿ, ಬಿಗಿಯಾಗಿರುತ್ತದೆ. ಕೀಚುಗದ ರೆಕ್ಕೆಯು ಬುಡದಲ್ಲಿ ಅಗಲವಾಗಿದ್ದು, ಪ್ರತಿ ಬಡಿತದಲ್ಲಿಯೂ ಮಣಿಕಟ್ಟಿನಲ್ಲಿ ಮಡಿಯುತ್ತದೆ.

ಅನಂತರ ಬಾಲ. ಮನೆಬಾನಾಡಿಗೂ, ಬಂಡೆ ಮತ್ತು ಹಳೆಯ ಕಟ್ಟಡಗಳನ್ನು ಆಶ್ರಯಿಸುವ ಕಂದು ಬಂಡೆಕೀಚುಗಕ್ಕೂ ಬಾಲವು ಮೊಂಡು. ಆದರೆ ಮೊದಲನೆಯದರ ಸೊಂಟದ ಮೇಲೆ ಬಿಳಿಯ ಪಟ್ಟೆಯುಂಟು. ಎರಡನೆಯದಕ್ಕೆ ಅದಿಲ್ಲ, ಬಾಲವನ್ನು ಹರಡಿದಾಗ ಬಿಳಿಯ ಚುಕ್ಕೆಗಳು ತೋರುತ್ತವೆ.

ತಂತಿಯ ಮೇಲೆ ಕುಳಿತಿದ್ದರೆ ಸಂಶಯಕ್ಕೆಡೆಯಿಲ್ಲ: ಅದು ಬಾನಾಡಿಯಲ್ಲ. ಬಾನಾಡಿಯ ಪುಟ್ಟ ಕಾಲುಗಳು ಗೋಡೆಗೋ ಗರಿಗೋ ಉಗುರೂರಿ ಜೋತುಬೀಳುವುದಕ್ಕೆ ತಕ್ಕವು. ತಂತಿಯನ್ನು ಹಿಡಿದು ಕುಳ್ಳಿರಲಾರವು. ಮನೆಬಾನಾಡಿಯ ಕುಲಕ್ಕೆ ಶಾಸ್ತ್ರಜ್ಞರಿಟ್ಟ ‘ಏಪಸ್’ ಎಂಬ ಗ್ರೀಕ್ ಮೂಲದ ಹೆಸರಿಗೆ ಕಾಲಿಲ್ಲದುದೆಂದು ಅರ್ಥ. ಅದು ಸಂಸ್ಕೃತದ ‘ಅಪಾದ್’ ಶಬ್ದದ ಸೋದರಶಬ್ದವೇ ಆಗಿದೆ.